ಮೋಡ ಎಲ್ಲಿ ಹುಟ್ಟುತ್ತದೆ? ಏಳನೇ ತರಗತಿಯ ಆನಿಮೇಶನ್ ವಿಡಿಯೊಗೆ ಸ್ಕ್ರಿಪ್ಟ್

ದನಿಗಳು: ವಿಜ್ಞಾನದ ಮಿಸ್. ಪಲ್ಲವಿ, ಏಳನೇ ತರಗತಿ, ಪಾಂಡವಪುರದ ಕಡೆಯ ಹಳ್ಳಿ ಹುಡುಗಿ.

ಚಿತ್ರ ಬಿಡಿಸುವವರಿಗೆ ಮೊದಲೇ ಒಂದು ಮಾತು. ಕೊನೆಯ ಭಾಗ ಬಿಟ್ಟರೆ ಇಡೀ ವಿಡಿಯೊಗೆ ಒಂದೇ ಚಿತ್ರ. ಎಡಗಡೆ ಅರಬ್ಬಿ ಸಮುದ್ರ, ಬಲಗಡೆ ಮಂಡ್ಯ. ಅದರ ಮೇಲೆಯೇ ಒಂದೊಂದು ಗೆರೆ ಸೇರುತ್ತಾ ಹೋಗಬೇಕು. ಹಾಕಿದ್ದನ್ನು ಅಳಿಸಬೇಡಿ. ಗೆರೆ ಓಡುವಾಗ ಮಾತು ಬೇಡ, ಮಾತು ನಡೆಯುವಾಗ ಗೆರೆ ಓಡುವುದು ಬೇಡ. ಮಕ್ಕಳು ಎರಡರಲ್ಲಿ ಒಂದನ್ನೇ ಗಮನಿಸುತ್ತಾರೆ. ಇನ್ನೊಂದು, ನೀರಾವಿಯನ್ನು ಬಿಳಿ ಹೊಗೆಯ ಹಾಗೆ ಬರೆಯಲೇಬೇಡಿ. ಅದು ಕಣ್ಣಿಗೆ ಕಾಣುವುದಿಲ್ಲ. ನೀರಾವಿಗೆ ಒಳಗೆ ಖಾಲಿ ಇರುವ ನೀಲಿ ಸೊನ್ನೆ, ನೀರಿನ ಹನಿಗೆ ತುಂಬಿದ ನೀಲಿ ಚುಕ್ಕೆ. ಇದು ಕೊನೆಯವರೆಗೂ ಬದಲಾಗಬಾರದು.

ಶುರು

ತೆರೆ: ಖಾಲಿ ಹಾಳೆ. ಬಲ ತುದಿಯಲ್ಲಿ ಕನ್ನಂಬಾಡಿ ಕಟ್ಟೆಯ ಅಡ್ಡಗೋಡೆ ಮಾತ್ರ. ಹಿಂದೆ ನೀರು ನಿಧಾನವಾಗಿ ಏರುತ್ತಿದೆ. ಪಕ್ಕದಲ್ಲಿ ಅಳತೆಪಟ್ಟಿ, ತುದಿಯಲ್ಲಿ 124.80 ಅಡಿ.

ಪಲ್ಲವಿ: ಮಿಸ್, ಜುಲೈ ಬಂತು. ನಮ್ಮೂರಲ್ಲಿ ಸರಿಯಾಗಿ ಒಂದು ಮಳೆ ಆಗಿಲ್ಲ. ಬರೀ ಗಾಳಿ, ಮೋಡ, ಆಗಾಗ ತುಂತುರು. ಆದ್ರೂ ಕಟ್ಟೆ ತುಂಬ್ತಾ ಇದೆಯಂತೆ. ಕೇಳಿದ್ರೆ ತಾತ, "ಕೊಡಗಲ್ಲಿ ಮಳೆ ಹಿಡ್ಕೊಂಡಿದೆ" ಅಂತಾರೆ.

ಮಿಸ್: ತಾತ ಹೇಳಿದ್ದು ಸರಿ.

ಪಲ್ಲವಿ: ಮೋಡ ಇಲ್ಲೂ ಇದೆ, ಅಲ್ಲೂ ಇದೆ. ಅಲ್ಲಿ ಮಾತ್ರ ಯಾಕೆ ಸುರಿಯುತ್ತೆ? ಗೈಡಲ್ಲಿ, ಸಮುದ್ರದಿಂದ ಬಂದ ಮೋಡ ಬೆಟ್ಟಕ್ಕೆ ಡಿಕ್ಕಿ ಹೊಡೆದು ಮಳೆ ಬರುತ್ತೆ ಅಂತಿದೆ.

ಮಿಸ್: ಡಿಕ್ಕಿ ಹೊಡೆಯೋಕೆ ಮೋಡವೇನು ಬಸ್ಸಾ? ಮಳೆಗಾಲದಲ್ಲಿ ಗಾಳಿ ಹೊತ್ತು ತರುವ ನೀರಿನಲ್ಲಿ ಹೆಚ್ಚಿನದು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಬೆಟ್ಟದ ಮೇಲೆ ಸುರಿಯುವ ಮೋಡ ಬಹುಪಾಲು ಅಲ್ಲೇ ಹುಟ್ಟುತ್ತದೆ. ಹೇಗೆ ಅಂತ ಬರೆದೇ ನೋಡೋಣ.

ಮೊದಲ ಗೆರೆಗಳು: ಸಮುದ್ರ, ಬಿಸಿಲು, ಗಾಳಿ

ತೆರೆ: ಎಡಗಡೆ ಸಮುದ್ರದ ಅಲೆಗೆರೆ. ಎರಡು ಸೆಕೆಂಡ್ ಬಿಡಿ. ಮೇಲೆ ಸೂರ್ಯ. ನೀರಿನಿಂದ ಒಂದು ಖಾಲಿ ಸೊನ್ನೆ ಏಳುತ್ತದೆ, ಇನ್ನೊಂದು, ಆಮೇಲೆ ಹಲವು.

ಮಿಸ್: ಬಿಸಿಲಿಗೆ ಸಮುದ್ರದ ನೀರು ಆವಿಯಾಗುತ್ತದೆ. ಉಪ್ಪು ಕೆಳಗೇ ಉಳಿಯುತ್ತದೆ, ನೀರು ಮಾತ್ರ ಮೇಲೇಳುತ್ತದೆ. ಆಕಾಶ ಇನ್ನೂ ನೀಲಿಯಾಗಿಯೇ ಇದೆ, ನೋಡಿ. ಆವಿ ಇದೆ, ಮೋಡ ಇಲ್ಲ.

ತೆರೆ: ಮೂಲೆಯಲ್ಲಿ ಭಾರತ ಮತ್ತು ಹಿಂದೂ ಮಹಾಸಾಗರದ ಚಿಕ್ಕ ನಕ್ಷೆ. ನೆಲಕ್ಕೆ ನಿಧಾನವಾಗಿ ಕೆಂಪು ಏರುತ್ತದೆ, ಸಮುದ್ರ ನೀಲಿಯಾಗಿಯೇ ಇರುತ್ತದೆ. ದಕ್ಷಿಣದಿಂದ ಬಾಣ ಬಂದು ಸಮಭಾಜಕ ವೃತ್ತ ದಾಟುತ್ತದೆ, ಬಲಕ್ಕೆ ತಿರುಗುತ್ತದೆ, ನಮ್ಮ ಕರಾವಳಿ ಮುಟ್ಟುತ್ತದೆ.

ಮಿಸ್: ಏಪ್ರಿಲ್, ಮೇ ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ಕಾದ ನೆಲದ ಮೇಲೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಒತ್ತಡ ಜಾಸ್ತಿ ಇರುವ ಸಮುದ್ರದ ಕಡೆಯಿಂದ ಗಾಳಿ ಇತ್ತ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಸಮಭಾಜಕ ದಾಟಿದ ಗಾಳಿ ಬಲಕ್ಕೆ ಬಾಗಿ, ನೈರುತ್ಯ ದಿಕ್ಕಿನಿಂದ ಬರುತ್ತದೆ. ಸಾಮಾನ್ಯವಾಗಿ ಜೂನ್ 1ರ ಆಸುಪಾಸು ಕೇರಳ, ಆಮೇಲೆ ಕೆಲವೇ ದಿನದಲ್ಲಿ ನಮ್ಮ ಕರಾವಳಿ. ಇದೇ ಮುಂಗಾರು.

(ನಕ್ಷೆ ಇಷ್ಟು ಸಾಕು. ಇದರಲ್ಲೇ ನಿಂತರೆ ಮೋಡದ ಮಾತು ಹಿಂದೆ ಬೀಳುತ್ತದೆ. ನಕ್ಷೆ ಚಿಕ್ಕದಾಗಿ ಮೂಲೆ ಸೇರಲಿ.)

ಬೆಟ್ಟ ಬಂತು

ತೆರೆ: ದೊಡ್ಡ ಚಿತ್ರಕ್ಕೆ ವಾಪಸ್. ಸಮುದ್ರದ ಬಲಕ್ಕೆ ಕಿರಿದಾದ ಕರಾವಳಿ. ಆಮೇಲೆ ಒಂದೇ ಗೆರೆಯಲ್ಲಿ ಪಶ್ಚಿಮ ಘಟ್ಟ: ಎಡಗಡೆ ಕಡಿದಾದ ಏರು, ನೆತ್ತಿ, ಬಲಗಡೆ ಮೈಸೂರು, ಮಂಡ್ಯದ ಬಯಲಿನವರೆಗೆ ನಿಧಾನ ಇಳಿಜಾರು. ಬಯಲು ಸಮುದ್ರಕ್ಕಿಂತ ಎತ್ತರದಲ್ಲೇ ಇರಲಿ. ಕೊಡಗಿನ ಬೆಟ್ಟದ ಮೇಲೆ "ತಲಕಾವೇರಿ" ಎಂಬ ಹೆಸರು.

ಮಿಸ್: ಗಾಳಿಗೆ ಬೆಟ್ಟ ಅಡ್ಡ ಬಂತು. ಹಿಂದಿನಿಂದ ಇನ್ನೂ ಗಾಳಿ ತಳ್ಳುತ್ತಿದೆ. ಹಾಗಾಗಿ ಏರಲೇಬೇಕು.

ತೆರೆ: ಗಾಳಿಯ ಬಾಣ ಬೆಟ್ಟದ ಮೈಗೆ ಒರಗಿ ಮೇಲೇರುತ್ತದೆ. ಅರ್ಧದಲ್ಲಿ ನಿಲ್ಲಿಸಿ.

ಪಲ್ಲವಿ: ಏರಿದ್ರೆ ಏನಾಗುತ್ತೆ?

ಮಿಸ್: ತಣ್ಣಗಾಗುತ್ತದೆ.

ಪಲ್ಲವಿ: ಮೇಲೆ ಹೋದ್ರೆ ಸೂರ್ಯನಿಗೆ ಹತ್ತಿರ ಅಲ್ವಾ? ಬಿಸಿ ಆಗ್ಬೇಕಲ್ವಾ?

ಮಿಸ್: ಸೂರ್ಯ ಇರುವ ದೂರಕ್ಕೆ ಒಂದೆರಡು ಕಿಲೋಮೀಟರ್ ಲೆಕ್ಕಕ್ಕೇ ಇಲ್ಲ. ನಿನ್ನ ಸೈಕಲ್ ತಗೋ. ಟ್ಯೂಬಿನ ವಾಲ್ವ್ ಒತ್ತು, ಬರುವ ಗಾಳಿಗೆ ಬೆರಳು ಹಿಡಿ.

ತೆರೆ: ಪಕ್ಕದಲ್ಲಿ ಸೈಕಲ್ ಚಕ್ರ. ವಾಲ್ವಿನಿಂದ ಗಾಳಿ ಹೊರಬರುತ್ತದೆ. ಬೆರಳ ತುದಿ ನೀಲಿಯಾಗುತ್ತದೆ.

ಪಲ್ಲವಿ: ತಣ್ಣಗಿದೆ!

ಮಿಸ್: ಟ್ಯೂಬಿನೊಳಗೆ ಒತ್ತಿಕೊಂಡಿದ್ದ ಗಾಳಿ ಹೊರಗೆ ಬಂದು ಹರಡಿಕೊಂಡಿತು. ಹರಡಬೇಕಾದರೆ ಸುತ್ತಲಿನ ಗಾಳಿಯನ್ನು ತಳ್ಳಬೇಕು. ಆ ಕೆಲಸಕ್ಕೆ ತನ್ನದೇ ಶಾಖ ಖರ್ಚು. ಬೆಟ್ಟ ಏರುವ ಗಾಳಿಯದೂ ಇದೇ ಕಥೆ. ಮೇಲೆ ಒತ್ತಡ ಕಡಿಮೆ, ಅದಕ್ಕೇ ಹರಡುತ್ತದೆ, ಹರಡಿ ತಣ್ಣಗಾಗುತ್ತದೆ. ಮೋಡ ಕಟ್ಟುವವರೆಗೆ ಒಂದು ಕಿಲೋಮೀಟರ್ ಏರಿದರೆ ಹೆಚ್ಚೂಕಡಿಮೆ 10 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ.

ತೆರೆ: ಬಾಣದ ಪಕ್ಕ ಪುಟ್ಟ ಥರ್ಮಾಮೀಟರ್. ಸಮುದ್ರದ ಮಟ್ಟದಲ್ಲಿ 28. ಬಾಣ 500 ಮೀಟರ್ ಏರುವಷ್ಟರಲ್ಲಿ 27, 26, 25, 24, 23. ಒಂದೊಂದು ಅಂಕಿಗೂ ಒಂದು ಸೆಕೆಂಡ್. ಕೂಡಲೇ ಮುಂದೆ ಹೋಗಬೇಡಿ.

ಹನಿ

ಮಿಸ್: ಗಾಳಿ ತಣ್ಣಗಾದಷ್ಟೂ ಅದರಲ್ಲಿ ಆವಿಯಾಗಿಯೇ ಉಳಿಯಬಲ್ಲ ನೀರು ಕಡಿಮೆಯಾಗುತ್ತದೆ. ಒಂದು ಎತ್ತರಕ್ಕೆ ಬಂದಾಗ ಇನ್ನು ಹಿಡಿಸುವುದಿಲ್ಲ. ಆಗ ಆವಿ ಹನಿಯಾಗಬೇಕು. ಆದರೆ ಸುಮ್ನೆ ಆಗುವುದಿಲ್ಲ. ಹಿಡಿದುಕೊಳ್ಳಲು ಏನಾದರೂ ಬೇಕು.

ತೆರೆ: ಬಾಣದ ಒಂದು ಚೂರನ್ನು ದೊಡ್ಡದು ಮಾಡಿ ತೋರಿಸಿ. ಖಾಲಿ ಸೊನ್ನೆಗಳು ಅಲೆದಾಡುತ್ತಿವೆ. ನಡುವೆ ಒಂದು ಬಿಳಿ ಕಣ. ಒಂದು ಸೊನ್ನೆ ಅದಕ್ಕೆ ಅಂಟುತ್ತದೆ. ಇನ್ನೊಂದು. ಕಣದ ಸುತ್ತ ತುಂಬಿದ ನೀಲಿ ಚುಕ್ಕೆ ಆಗುತ್ತದೆ.

ಮಿಸ್: ಆ ಬಿಳಿ ಕಣ ಉಪ್ಪು. ಅಲೆ ಒಡೆದಾಗ ಸಿಡಿದ ಹನಿ ಒಣಗಿ, ಉಳಿದ ಉಪ್ಪಿನ ಪುಡಿ ಗಾಳಿಯಲ್ಲಿ ಸೇರಿರುತ್ತದೆ. ಧೂಳು, ಹೊಗೆಯ ಕಣವೂ ಆಗಬಹುದು. ಹೀಗೆ ಕೋಟಿಗಟ್ಟಲೆ ಹನಿ ಸೇರಿದಾಗ ನಮಗೆ ಬಿಳಿಯಾಗಿ ಕಾಣುತ್ತದಲ್ಲ, ಅದೇ ಮೋಡ.

ತೆರೆ: ಚಿತ್ರ ಮತ್ತೆ ದೂರ ಸರಿಯುತ್ತದೆ. 23 ಡಿಗ್ರಿ ಇರುವ ಎತ್ತರದಲ್ಲಿ ಅಡ್ಡಕ್ಕೆ ಒಂದು ಚುಕ್ಕಿಗೆರೆ. ಅದರ ಕೆಳಗೆ ಖಾಲಿ ಸೊನ್ನೆಗಳೇ ಜಾಸ್ತಿ, ಮೇಲೆ ತುಂಬಿದ ಚುಕ್ಕೆ. ಮೋಡ ಆ ಗೆರೆಯಿಂದ ಮೇಲಕ್ಕೆ ಬೆಳೆಯುತ್ತದೆ.

ಪಲ್ಲವಿ: ಅದಕ್ಕೇನಾ ಮೋಡದ ತಳ ಚಪ್ಪಟೆ ಇರೋದು?

ಮಿಸ್: ಅದಕ್ಕೇ. ಬಿಡಿ ಮೋಡಗಳಿರುವ ದಿನ ಗದ್ದೆ ಬದುವಿನ ಮೇಲೆ ನಿಂತು ನೋಡು. ಎಲ್ಲದರ ತಳವೂ ಹೆಚ್ಚೂಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ತಲೆ ಮಾತ್ರ ಒಂದೊಂದು ಥರ.

ಪಲ್ಲವಿ: ಹನಿ ಅಂದ್ರೆ ನೀರು. ಮತ್ತೆ ಬೀಳಲ್ಲ ಯಾಕೆ?

ಮಿಸ್: ಬೀಳುತ್ತಲೇ ಇರುತ್ತದೆ! ಆದರೆ ಮೋಡದ ಹನಿ ತೀರಾ ಚಿಕ್ಕದು, ಅಡ್ಡಗಲ ಸುಮಾರು 0.02 ಮಿಲಿಮೀಟರ್. ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟು ಇಳಿಯುತ್ತದೆ. ಕೆಳಗಿನಿಂದ ಏರುವ ಗಾಳಿ ಅದಕ್ಕಿಂತ ಜೋರು. ಮಳೆಹನಿ ಸುಮಾರು 2 ಮಿಲಿಮೀಟರ್, ಅಂದರೆ ನೂರು ಪಟ್ಟು ಅಗಲ. ನೀರಿನ ಲೆಕ್ಕ ಹಾಕು.

ತೆರೆ: 100 × 100 × 100. ಪಲ್ಲವಿ ಲೆಕ್ಕ ಮಾಡಲು ಐದು ಸೆಕೆಂಡ್. ಉತ್ತರ ಮೊದಲೇ ತೋರಿಸಬೇಡಿ.

ಪಲ್ಲವಿ: ಹತ್ತು ಲಕ್ಷ!

ಮಿಸ್: ಮೋಡದ ಹತ್ತು ಲಕ್ಷ ಹನಿ ಸೇರಿದರೆ ಒಂದು ಮಳೆಹನಿ. ಸ್ವಲ್ಪ ದೊಡ್ಡ ಹನಿ ಬೇಗ ಇಳಿಯುತ್ತದೆ, ದಾರಿಯಲ್ಲಿ ಸಿಕ್ಕ ಚಿಕ್ಕವನ್ನು ಸೇರಿಸಿಕೊಳ್ಳುತ್ತದೆ, ಇನ್ನೂ ದೊಡ್ಡದಾಗುತ್ತದೆ. ಇದಕ್ಕೆ ಹೊತ್ತು ಬೇಕು, ದಪ್ಪ ಮೋಡ ಬೇಕು. ಘಟ್ಟದ ಮೇಲೆ ಎರಡೂ ಇವೆ. ಸಮುದ್ರದಿಂದ ಆವಿ ಬರುತ್ತಲೇ ಇರುತ್ತದೆ, ಗಾಳಿ ಏರುತ್ತಲೇ ಇರುತ್ತದೆ, ಮೋಡ ಅಲ್ಲೇ ಕಟ್ಟುತ್ತದೆ, ಅಲ್ಲೇ ಸುರಿಯುತ್ತದೆ.

ತೆರೆ: ಬೆಟ್ಟದ ಎಡಗಡೆ, ನೆತ್ತಿಯ ಮೇಲೆ, ನೆತ್ತಿಯ ಬಲಕ್ಕೂ ಸ್ವಲ್ಪ ದೂರ ಮಳೆಗೆರೆಗಳು. ಮೊದಲು ಬಿಡಿಯಾಗಿ, ಆಮೇಲೆ ಜಡಿಮಳೆ. ಮಳೆಯ ಸದ್ದು ಮಾತ್ರ ಕೇಳಲಿ.

ಬೆಟ್ಟದ ಈಚೆ

ತೆರೆ: ಬಾಣ ನೆತ್ತಿ ದಾಟಿ ಬಲಕ್ಕೆ ಇಳಿಯುತ್ತದೆ. ಥರ್ಮಾಮೀಟರ್ ಮೇಲೇರುತ್ತದೆ. ತುಂಬಿದ ಚುಕ್ಕೆಗಳು ಒಂದೊಂದಾಗಿ ಖಾಲಿ ಸೊನ್ನೆಯಾಗುತ್ತವೆ. ಮೋಡ ತೆಳುವಾಗುತ್ತದೆ.

ಮಿಸ್: ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುತ್ತದಲ್ಲ? ಒತ್ತಿದರೆ ಗಾಳಿ ಬಿಸಿಯಾಗುತ್ತದೆ. ಇಳಿಯುವ ಗಾಳಿಯನ್ನು ಕೆಳಗಿನ ಹೆಚ್ಚಿನ ಒತ್ತಡ ಒತ್ತುತ್ತದೆ. ಬಿಸಿಯಾದ ಗಾಳಿಯಲ್ಲಿ ಹನಿಗಳು ಮತ್ತೆ ಆವಿಯಾಗುತ್ತವೆ. ಜೊತೆಗೆ, ಬಂದ ನೀರಿನಲ್ಲಿ ಎಷ್ಟೋ ಪಾಲು ಆಗಲೇ ಘಟ್ಟದ ಮೇಲೆ ಸುರಿದಾಗಿದೆ. ನಿಮ್ಮೂರಿನ ಮೇಲೆ ಓಡುವುದು ಅಳಿದುಳಿದ ಮೋಡ. ಅದರಿಂದ ತುಂತುರು ಬಂದರೆ ದೊಡ್ಡದು. ಇದೇ ಮಳೆನೆರಳಿನ ಪ್ರದೇಶ.

ತೆರೆ: ಚಿತ್ರದ ಕೆಳಗೆ ಎರಡು ನೀಲಿ ಕಂಬಗಳು ಏರುತ್ತವೆ. ಮಡಿಕೇರಿ: ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ. ಮಂಡ್ಯ: ಸುಮಾರು 700 ಮಿ.ಮೀ. ಪಕ್ಕದಲ್ಲಿ ಪಲ್ಲವಿ ನಿಂತಿದ್ದಾಳೆ. ಮಂಡ್ಯದ ಕಂಬ ಅವಳ ಸೊಂಟದ ಹತ್ತಿರ, ಮಡಿಕೇರಿಯದು ತಲೆಯ ಮೇಲೆ ಎಷ್ಟೋ ಎತ್ತರ.

ತೆರೆ: ತಲಕಾವೇರಿಯಿಂದ ನೀಲಿ ಗೆರೆ ಹೊರಡುತ್ತದೆ. ಹಾರಂಗಿ ಸೇರುತ್ತದೆ. ಹಾಸನದ ಕಡೆಯಿಂದ ಹೇಮಾವತಿ, ಕೊಡಗಿನ ಇನ್ನೊಂದು ಕಡೆಯಿಂದ ಲಕ್ಷ್ಮಣತೀರ್ಥ. ಎಲ್ಲವೂ ಕಟ್ಟೆಗೆ ಬರುತ್ತವೆ. ಅಳತೆಪಟ್ಟಿಯಲ್ಲಿ ನೀರು ಮೇಲಕ್ಕೆ.

ಪಲ್ಲವಿ: ಅಂದ್ರೆ ಮಳೆ ಸುರಿಸೋ ಮೋಡ ನಮ್ಮೂರಿಗೆ ಬರಲಿಲ್ಲ, ಆದ್ರೆ ಬೆಟ್ಟದ ಮೇಲೆ ಸುರಿದ ನೀರು ನದಿಯಾಗಿ ಬಂತು!

ಮಿಸ್: ಸರಿಯಾಗಿ ಹೇಳಿದೆ.

ಮೈಸೂರು, ಮಂಡ್ಯದ ಜೋರು ಮಳೆ

ಪಲ್ಲವಿ: ಆದ್ರೆ ಮಿಸ್, ನಮ್ಮಲ್ಲೂ ಜೋರು ಮಳೆ ಬರುತ್ತೆ. ಮೇನಲ್ಲಿ ಗುಡುಗು ಸಿಡಿಲು, ದಸರಾ ಹೊತ್ತಲ್ಲೂ ಒಮ್ಮೊಮ್ಮೆ ಹಾಗೇ.

ಮಿಸ್: ಹೌದು. ಮೈಸೂರಿನಲ್ಲಿ ಜೂನ್, ಜುಲೈಗಿಂತ ಮೇ ಮತ್ತು ಅಕ್ಟೋಬರಿನಲ್ಲೇ ಮಳೆ ಜಾಸ್ತಿ. ಆ ಮೋಡಕ್ಕೆ ಬೆಟ್ಟದ ಹಂಗಿಲ್ಲ.

ತೆರೆ: ಈಗ ಹೊಸ ಹಾಳೆ, ಪೂರ್ತಿ ಬಯಲು. ಬೆಳಗ್ಗೆ ನೀಲಿ ಆಕಾಶ. ನೆಲ ಕೆಂಪಾಗುತ್ತದೆ. ಬಿಸಿ ಗಾಳಿಯ ಗುಂಡು ನೆಲ ಬಿಟ್ಟು ಏಳುತ್ತದೆ. ಚುಕ್ಕಿಗೆರೆ ಮುಟ್ಟಿದ ಕೂಡಲೇ ಬಿಳಿ ಮೋಡ. ಅದು ಎತ್ತರ, ಇನ್ನೂ ಎತ್ತರ. ತೆರೆ ಸಾಲದೆ ಚಿತ್ರ ಮೇಲಕ್ಕೆ ಸರಿಯಬೇಕು.

ಮಿಸ್: ಇಲ್ಲಿ ಗಾಳಿಯನ್ನು ಏರಿಸಿದ್ದು ಕಾದ ನೆಲ. ಆವಿ ಹನಿಯಾಗುವಾಗ ತನ್ನಲ್ಲಿದ್ದ ಶಾಖ ಬಿಟ್ಟುಕೊಡುತ್ತದೆ. ಆ ಶಾಖಕ್ಕೆ ಗಾಳಿ ಇನ್ನೂ ಮೇಲೇರುತ್ತದೆ, ಇನ್ನೂ ಹನಿ ಆಗುತ್ತವೆ. ಹೀಗೆ ಮೋಡ ತನ್ನನ್ನು ತಾನೇ ಬೆಳೆಸಿಕೊಂಡು 12 ಕಿಲೋಮೀಟರ್ ಎತ್ತರಕ್ಕೂ ಹೋಗಬಹುದು. ಅಲ್ಲಿ ಮಂಜುಗಡ್ಡೆಯ ಹರಳೇ ಇರುತ್ತದೆ. ಬೆಳಗ್ಗೆ ಬಿಸಿಲು, ಮಧ್ಯಾಹ್ನ ಸೆಖೆ, ಸಂಜೆ ಸಿಡಿಲು. ನಿಮಗೇ ಗೊತ್ತಿರುವ ದಿನಚರಿ ಇದು.

ತೆರೆ: ಮೋಡದ ತಳ ಕಪ್ಪಾಗುತ್ತದೆ. ಮೊದಲು ಗಾಳಿ, ಆಮೇಲೆ ದಪ್ಪ ಹನಿ. ಒಂದು ಮಿಂಚು.

ಪಲ್ಲವಿ: ಮಿಸ್, ಎಮ್ಮೆ ಗದ್ದೆಯಲ್ಲೇ ಕಟ್ಟಿದೆ. ಹೋಗಿ ಬಿಚ್ಕೊಂಡು ಬರ್ತೀನಿ.

ಮಿಸ್: ಈಗ ಬೇಡ. ಗುಡುಗು ಕೇಳಿಸಿದರೆ ಸಿಡಿಲು ಹತ್ತಿರದಲ್ಲೇ ಇದೆ ಅಂತ ಅರ್ಥ. ಮರದ ಕೆಳಗೂ ನಿಲ್ಲಬೇಡ, ಪಂಪ್‌ಸೆಟ್ಟಿನ ತಂತಿಯ ಹತ್ತಿರವೂ ಹೋಗಬೇಡ. ಒಳಗೇ ಇರು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಹೋಗು.