ಮೈನಸ್ ನಾಲ್ಕು

ಹಂಪ್ತಾ ಪಾಸ್‌ನ ನೆತ್ತಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,270 ಮೀಟರ್ ಎತ್ತರದಲ್ಲಿ, ಶರಣಬಸಪ್ಪನ ಥರ್ಮಾಮೀಟರ್ ಸೊನ್ನೆಗಿಂತ 4 ಡಿಗ್ರಿ ಕೆಳಗೆ ತೋರಿಸುತ್ತಿತ್ತು. ಅವನ ಲೆಕ್ಕದ ಪ್ರಕಾರ ಅಲ್ಲಿ 3 ಡಿಗ್ರಿ ಇರಬೇಕಾಗಿತ್ತು.

ಲೆಕ್ಕ ಕಠಿಣವೇನಲ್ಲ. ಬೆಳಿಗ್ಗೆ ಬಾಲೂ ಕಾ ಘೇರಾದ ಡೇರೆಯಿಂದ ಹೊರಟಾಗ 7 ಡಿಗ್ರಿ ಇತ್ತು. ಆ ಜಾಗ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆಂದು ಹಿಡಿದರೂ ಈ ಏರಿಗೆ ನಾಲ್ಕೂವರೆಗಿಂತ ಹೆಚ್ಚು ಕಳೆಯುವಂತಿಲ್ಲ. ಏರುವಷ್ಟರಲ್ಲಿ ಹೊತ್ತೂ ಏರಿದೆ ಎಂಬುದನ್ನು ಅವನು ಲೆಕ್ಕಕ್ಕೇ ಸೇರಿಸಿರಲಿಲ್ಲ.

ಅಕ್ಕನ ಮಗ ಭೀಮಾಶಂಕರ ಅವನ ಹೆಗಲ ಮೇಲಿಂದ ಅಂಕಿಯನ್ನು ಓದಿಬಿಟ್ಟಿದ್ದ. "ಮಾಮಾ, ಮೈನಸ್ ನಾಕು ಆಗ್ಯದ. ನನ್ನ ಕೈಬೆರಳು ಮರಗಟ್ಲಿಕತ್ಯಾವ. ವಾಪಸ್ ಹೋಗಮು," ಎಂದ. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಮೆಟ್ಟಿಲು ಹತ್ತಿ ಇಳಿದು ತಯಾರಿ ಮಾಡಿಕೊಂಡ ಹುಡುಗನಿಗೆ ಆ ಅಂಕಿ ದಂಗು ಬಡಿಸಿದ್ದು ಸಹಜವೇ. ಕುಲ್ಲು ಕಡೆಯ ಗೈಡ್ ಮಾತ್ರ ಒಪ್ಪಲಿಲ್ಲ. ಕಾಲ ಕೆಳಗಿನ ಹಿಮ ಮೆತ್ತಗಾಗಿ ಬೂಟು ಹೂತುಹೋಗುತ್ತಿದೆ, ಅಷ್ಟು ಚಳಿಯಿದ್ದರೆ ಅದು ಕಲ್ಲಿನಂತೆ ಗಟ್ಟಿಯಾಗಿರುತ್ತಿತ್ತು ಎಂದು ಹಿಂದಿಯಲ್ಲಿ ಹೇಳಿ, ಹೊರಡಲು ಅವಸರಪಡಿಸಿದ.

ಗೈಡ್‌ನ ಮಾತು ಸರಿ, ಆದರೆ ಗಾಜಿನ ಕೊಳವೆಯೂ ಕೆಟ್ಟಿರಲಿಲ್ಲ. ಕೆಂಪು ಸ್ಪಿರಿಟ್‌ನ ಗೆರೆ ಎಲ್ಲಿಯೂ ತುಂಡಾಗಿಲ್ಲವೆಂಬುದನ್ನು ಶರಣಬಸಪ್ಪ ಮೊದಲೇ ನೋಡಿದ್ದ. ಪ್ರಯಾಣದ ಕುಲುಕಾಟಕ್ಕೆ ಗೆರೆ ತುಂಡಾಗಿ ಒಂದು ಚೂರು ಮೇಲೆ ಸಿಕ್ಕಿಕೊಂಡರೆ ಇಂಥ ಥರ್ಮಾಮೀಟರ್ ಕಡಿಮೆ ತೋರಿಸುವುದುಂಟು. ಬೇರೇನೋ ಇದೆ ಎಂದುಕೊಂಡು ಕೊಳವೆಯ ಬುಡವನ್ನು ಮುಟ್ಟಿದಾಗ, ಅದಕ್ಕೆ ತೊಡಿಸಿದ್ದ ಬಟ್ಟೆ ಸೆಟೆದುಕೊಂಡು ಹಪ್ಪಳದ ಹಾಗೆ ಗರಿಗರಿಯಾಗಿತ್ತು. ಗಾಜು ಒಡೆಯದಿರಲೆಂದು ಹೆಂಡತಿ ಹಳೆಯ ಧೋತರದ ತುಂಡಿನಿಂದ ಹೊಲಿದುಕೊಟ್ಟ ಚೀಲ ಅದು. ಕುಲ್ಲು ಕಡೆಯ ಏರಿನಲ್ಲಿ ಜಿನುಗಿದ ಮಳೆಗೆ, ಬ್ಯಾಗಿನ ಹೊರಗೆ ತೂಗುತ್ತಿದ್ದ ಆ ಚೀಲ ಪೂರ್ತಿ ತೊಯ್ದಿತ್ತು. ಈಗ ಅದು ಹೆಪ್ಪುಗಟ್ಟಿದೆ. ಪಕ್ಕದ ಬಂಡೆಯಿಂದ ಮಾತ್ರ ಕರಗಿದ ನೀರು ತೊಟ್ಟಿಕ್ಕುತ್ತಲೇ ಇದೆ.

ಸೂಪರ್ ಮಾರ್ಕೆಟ್ ಹತ್ತಿರ ಕೂಲರ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಮುಂದಿನದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೇ ತಿಂಗಳ ಒಣ ಗಾಳಿಗೆ ಕೋಣೆಯನ್ನು ತಣ್ಣಗೆ ಮಾಡುವ ಕೂಲರೇ ಜುಲೈ ತಿಂಗಳ ಹಸಿ ಗಾಳಿಗೆ ಸೋಲುತ್ತದೆ, ಆಗ ಗಿರಾಕಿಗಳು ಮೋಟಾರ್ ಕೆಟ್ಟಿದೆಯೆಂದು ಬಂದು ಜಗಳವಾಡುತ್ತಾರೆ. ನೀರು ಆವಿಯಾಗುವಾಗ ಬೇಕಾದ ಶಾಖವನ್ನು ತಾನು ಅಂಟಿಕೊಂಡಿರುವ ವಸ್ತುವಿನಿಂದಲೇ ಎಳೆದುಕೊಳ್ಳುತ್ತದೆ. ಗಾಳಿ ಒಣಗಿದಷ್ಟೂ ಆ ಎಳೆತ ಜೋರು, ಎತ್ತರದ ತೆಳು ಗಾಳಿಯಲ್ಲಿ ಇನ್ನೂ ಜೋರು. ಈ ಪಾಸ್‌ನ ಒಂದು ಮಗ್ಗುಲಿಗೆ ಮಳೆ ಬೀಳುವ ಹಸಿರು ಕುಲ್ಲು, ಇನ್ನೊಂದು ಮಗ್ಗುಲಿಗೆ ಮಳೆ ಕಾಣದ ಬರಡು ಲಾಹೌಲ್. ಮಳೆಯ ಕಡೆ ತೊಯ್ದ ಬಟ್ಟೆಗೆ ಮೇಲೆ ಬಂದೊಡನೆ ಬರಡು ಕಡೆಯ ಒಣ ಗಾಳಿ ಹೊಡೆದಿತ್ತು.

ಅವನು ಚೀಲ ಕಳಚಿ, ಕೊಳವೆಯನ್ನು ಒರೆಸಿ, ಹಿಮಕ್ಕೆ ತಾಗದಂತೆ ಬಂಡೆಯ ನೆರಳಿನಲ್ಲಿ ದಾರದಿಂದ ತೂಗುಹಾಕಿದ. ಗೈಡ್ ಗೊಣಗಿದರೂ ಹತ್ತು ನಿಮಿಷ ಕಾದರು, ಅಷ್ಟರಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಖಾಲಿಯಾದವು. ಕೆಂಪು ಗೆರೆ ನಿಧಾನವಾಗಿ ಸೊನ್ನೆಯನ್ನು ದಾಟಿ 2 ಡಿಗ್ರಿಗೆ ನಿಂತಿತು.

"ನೋಡ್ದ್ಯಾ ಮಾಮಾ, ಸುಳ್ಳೇ ಅಂಜಿಸ್ತು ಅದು," ಎಂದು ಭೀಮಾಶಂಕರ ನಗುತ್ತ ಎದ್ದ.

"ಸುಳ್ಳಲ್ಲಪಾ. ಅದು ಗಾಳೀದು ಹೇಳಿಲ್ಲ, ತೊಯ್ದ ಬಟ್ಟೀದು ಹೇಳ್ಯದ. ನಿನ್ನ ಕೈಗವಸು ಹಿಂಡು ನೋಡಮು."

ಹುಡುಗ ಉಣ್ಣೆಯ ಕೈಗವಸನ್ನು ಹಿಂಡಿದಾಗ ನೀರು ಇಳಿಯಿತು. ಅದೇ ಮಳೆಯಲ್ಲಿ ತೊಯ್ದು, ಅದೇ ಗಾಳಿಗೆ ಅದೂ ಆರುತ್ತಿತ್ತು. ಗಾಳಿ 2 ಡಿಗ್ರಿ ಇದ್ದರೂ ಆ ಉಣ್ಣೆ ಅವನ ಬೆರಳುಗಳ ಶಾಖವನ್ನು ಹೊತ್ತುಕೊಂಡು ಹೋಗುತ್ತಲೇ ಇತ್ತು. ಶರಣಬಸಪ್ಪ ಅವನ್ನು ಬಿಚ್ಚಿಸಿ, ಹುಡುಗನ ಕೈಗಳನ್ನು ಸ್ವಲ್ಪ ಹೊತ್ತು ತನ್ನ ಜಾಕೆಟ್ಟಿನೊಳಗೆ ಕಂಕುಳಲ್ಲಿ ಇರಿಸಿಕೊಂಡ. ಬಳಿಕ ಬ್ಯಾಗಿನ ತಳದಿಂದ ಒಣಗಿದ ಕಾಲುಚೀಲಗಳನ್ನು ತೆಗೆದು ಕೈಗೆ ತೊಡಿಸಿ, ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ ಕಟ್ಟಿದ. ನೋಡಲು ಚೆನ್ನಾಗಿರಲಿಲ್ಲ. ಭೀಮಾಶಂಕರ ಫೋಟೊ ಬೇಡವೆಂದ.

ವಹಿಯಲ್ಲಿ ಶರಣಬಸಪ್ಪ ಎರಡು ಅಂಕಿಗಳನ್ನೂ ಬರೆದ: ಒಣಗಿದ್ದು 2, ಒದ್ದೆಯದು ಮೈನಸ್ 4. ಶಿಯಾ ಗೋರುವಿನ ಕಡೆಗಿನ ಕಡಿದಾದ ಇಳಿಜಾರಿನಲ್ಲಿ ಗೈಡ್ ಆಗಲೇ ಮೆಟ್ಟಿಲು ಕಡಿಯತೊಡಗಿದ್ದ. ಅರ್ಧ ಇಳಿಯುವ ಹೊತ್ತಿಗೆ ಬೆರಳುಗಳು ಚುಚ್ಚಿದಂತೆ ನೋಯುತ್ತಿವೆಯೆಂದು ಹುಡುಗ ದೂರಿದಾಗ ಮಾಮನಿಗೆ ಸಮಾಧಾನವಾಯಿತು, ಏಕೆಂದರೆ ರಕ್ತ ಮರಳುವಾಗ ಹಾಗೆಯೇ ನೋಯುತ್ತದೆ.