ವಿಷಯ: ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಬೇಡ, ಫೌಂಡ್ರಿ ಕ್ವಾಲಿಟಿ ಇದ್ದರೆ ಖಂಡಿತ ಕಳಿಸಿ

ನಮಸ್ಕಾರ ಮೇಡಂ,

ನೀವು ನಿನ್ನೆ ಕಳಿಸಿದ ಚೆನ್ನೈ ಕೆಲಸದ ವಿವರ ನೋಡಿದೆ. ಸೆಲೆನಿಯಂ, ಜಾವಾ ಗೊತ್ತಿರಬೇಕಂತೆ. ನನಗೆ ಎರಡೂ ಬರುವುದಿಲ್ಲ. ಹಿಂದೆ ಬಂದ ನೋಯ್ಡಾ, ಹೈದರಾಬಾದ್ ಕೆಲಸಗಳೂ ಇಂಥವೇ. ನನ್ನ ರೆಸ್ಯೂಮೆಯಲ್ಲಿ ‘ಕ್ಯೂಎ ಇಂಜಿನಿಯರ್’ ಅಂತ ಇದೆಯಲ್ಲ, ಹುಡುಕುವಾಗ ಅದೇ ಸಿಕ್ಕಿ ಹೀಗಾಗುತ್ತಿದೆ ಅನಿಸುತ್ತದೆ. ನಾನು ನೋಡುವುದು ಕಬ್ಬಿಣದ ಕಾಸ್ಟಿಂಗ್‌ಗಳ ಕ್ವಾಲಿಟಿ. ಬ್ಲೋಹೋಲ್ ಇದೆಯಾ, ಬಿರುಕು ಬಿಟ್ಟಿದೆಯಾ, ಅಳತೆ ಡ್ರಾಯಿಂಗ್‌ನಲ್ಲಿ ಇದ್ದ ಹಾಗೇ ಬಂದಿದೆಯಾ ಅನ್ನುವುದು ನನ್ನ ಕೆಲಸ.

ಹಾಗಾಗಿ ಸಾಫ್ಟ್‌ವೇರ್ ಟೆಸ್ಟಿಂಗ್, ಬಿಪಿಒ, ಸೇಲ್ಸ್ ಕೆಲಸಗಳನ್ನು ದಯವಿಟ್ಟು ಇನ್ನು ಕಳಿಸಬೇಡಿ. ಊರು ಬಿಟ್ಟು ಹೋಗಬೇಕಾದ ಕೆಲಸವೂ ಬೇಡ, ಸಂಬಳ ಎಷ್ಟೇ ಇರಲಿ. ನನ್ನ ಹೆಂಡತಿ ಭದ್ರಾವತಿಯಲ್ಲಿ ಟೀಚರ್, ಮನೆ ಶಿವಮೊಗ್ಗದಲ್ಲಿ. ‘ಮೊದಲು ಸೇರಿಕೊಳ್ಳಿ, ಆಮೇಲೆ ವರ್ಕ್ ಫ್ರಮ್ ಹೋಮ್ ಕೇಳೋಣ’ ಅಂತ ನಿಮ್ಮ ಆಫೀಸಿನವರೊಬ್ಬರು ಫೋನಿನಲ್ಲಿ ಹೇಳಿದರು. ಫೌಂಡ್ರಿ ಕೆಲಸವನ್ನು ಮನೆಯಲ್ಲಿ ಕೂತು ಮಾಡೋದು ಹೇಗೆ ಅಂತ ನನಗಂತೂ ಗೊತ್ತಾಗಲಿಲ್ಲ!

ಆದರೆ ನನ್ನ ಹೆಸರು ತೆಗೆದುಹಾಕಬೇಡಿ. ಒಳ್ಳೆಯದು ಸಿಕ್ಕರೆ ಬದಲಾಯಿಸುವ ಮನಸ್ಸಿದೆ. ಮಾಚೇನಹಳ್ಳಿ, ಭದ್ರಾವತಿ ಕಡೆಯ ಫೌಂಡ್ರಿ ಅಥವಾ ಮಷಿನ್ ಶಾಪ್‌ನಲ್ಲಿ ಸೀನಿಯರ್ ಕ್ವಾಲಿಟಿ ಇಂಜಿನಿಯರ್ ಕೆಲಸವಿದ್ದರೆ ತಿಳಿಸಿ. ಅದಕ್ಕಿಂತ ನನಗೆ ಜಾಸ್ತಿ ಇಷ್ಟ ಸಪ್ಲೈಯರ್ ಕ್ವಾಲಿಟಿ. ನಮ್ಮ ಕಡೆಯಿಂದ ಕಾಸ್ಟಿಂಗ್ ತರಿಸುವ ಹೊರಗಿನ ಕಂಪನಿಗಳಿಗೆ, ಇಲ್ಲೇ ಇದ್ದು ಮಾಲು ನೋಡಿ ಪಾಸ್ ಮಾಡುವ ಒಬ್ಬರು ಬೇಕಾಗುತ್ತಾರೆ, ಅಲ್ವಾ? ಅಂಥದ್ದು ಬಂದರೆ ಮೊದಲು ನನಗೆ ಹೇಳಿ. ತಿಂಗಳಿಗೆ ಒಂದು ವಾರ ಬೆಳಗಾವಿ, ಕೊಯಮತ್ತೂರು ಅಂತ ಓಡಾಡಲು ತೊಂದರೆಯಿಲ್ಲ. ಐಎಟಿಎಫ್ 16949 ಇಂಟರ್ನಲ್ ಆಡಿಟರ್ ತರಬೇತಿ ಆಗಿದೆ, ಪಿಪಿಎಪಿ ಫೈಲುಗಳನ್ನು ನಾನೇ ತಯಾರಿಸುತ್ತೇನೆ. ಅನುಭವ 9 ವರ್ಷ. ಈಗಿನ ಸಂಬಳ ವರ್ಷಕ್ಕೆ 7.8 ಲಕ್ಷ, 9.5ಕ್ಕಿಂತ ಕಡಿಮೆಯಾದರೆ ಬದಲಾಯಿಸುವುದಿಲ್ಲ. ನೋಟಿಸ್ ಎರಡು ತಿಂಗಳು.

ಇನ್ನೊಂದು ಮಾತು, ಇದು ಸ್ವಲ್ಪ ಮುಖ್ಯ. ನನ್ನನ್ನು ಕೇಳದೆ ರೆಸ್ಯೂಮೆ ಯಾವ ಕಂಪನಿಗೂ ಕಳಿಸಬೇಡಿ. ಹೋದ ವರ್ಷ ಬೇರೆ ಇಬ್ಬರು ಕನ್ಸಲ್ಟೆಂಟ್‌ಗಳು ಒಂದೇ ಕಡೆಗೆ ನನ್ನ ರೆಸ್ಯೂಮೆ ಕಳಿಸಿದ್ದರು. ಯಾರ ಕಡೆಯ ಕ್ಯಾಂಡಿಡೇಟ್ ಅನ್ನುವ ಜಗಳದಲ್ಲಿ ಇಂಟರ್‌ವ್ಯೂ ಕರೆಯೇ ಬರಲಿಲ್ಲ. ಕಂಪನಿ ಹೆಸರು, ಊರು, ಸಂಬಳ ಈ ಮೂರನ್ನು ವಾಟ್ಸಾಪ್ ಮಾಡಿದರೆ ಸಾಕು, ಅದೇ ದಿನ ಹೂಂ ಅಥವಾ ಬೇಡ ಅಂತ ಹೇಳುತ್ತೇನೆ. ಫೋನ್ ಮಾಡುವುದಾದರೆ ಸಂಜೆ 6ರ ಮೇಲೆ ಮಾಡಿ. ಶೆಡ್ಡಿನ ಗಲಾಟೆಯಲ್ಲಿ ರಿಂಗ್ ಕೇಳಿಸುವುದೇ ಇಲ್ಲ.

ಅಂದಹಾಗೆ, ಆ ಚೆನ್ನೈ ಕೆಲಸಕ್ಕೆ ನನ್ನ ತಮ್ಮನ ಸ್ನೇಹಿತನೊಬ್ಬ ಹೊಂದಬಹುದು. ಟೆಸ್ಟಿಂಗ್‌ನಲ್ಲೇ ಇದ್ದಾನೆ, ಊರು ಬಿಡಲು ತಯಾರಿದ್ದಾನೆ. ಅವನನ್ನು ಕೇಳಿ, ಒಪ್ಪಿದರೆ ನಂಬರ್ ಕಳಿಸುತ್ತೇನೆ.

ಇಂತಿ,
ಮಂಜುನಾಥ
ವಿನೋಬನಗರ, ಶಿವಮೊಗ್ಗ