ಆಸ್ಪಿರಿನ್ ತಯಾರಿಕೆ: ಪ್ರಾಕ್ಟಿಕಲ್ ವೈವಾ ಪ್ರಶ್ನೆಗಳು

ಪ್ರಯೋಗ: 2.0 ಗ್ರಾಂ ಸ್ಯಾಲಿಸಿಲಿಕ್ ಆ್ಯಸಿಡ್, 5 ಮಿ.ಲೀ. ಅಸಿಟಿಕ್ ಅನ್‌ಹೈಡ್ರೈಡ್, 5 ಹನಿ ಗಾಢ ಸಲ್ಫ್ಯೂರಿಕ್ ಆ್ಯಸಿಡ್. ವಾಟರ್ ಬಾತ್‌ನಲ್ಲಿ 50–60 ಡಿಗ್ರಿ, 15 ನಿಮಿಷ.

ಎಲ್ಲ ಪ್ರಶ್ನೆ ಕೇಳಲೇಬೇಕೆಂದಿಲ್ಲ. ರೆಕಾರ್ಡ್ ಎದುರಿಗಿರಲಿ, ವಿದ್ಯಾರ್ಥಿಯ ಸ್ವಂತ ರೀಡಿಂಗ್ ಹಿಡಿದೇ ಕೇಳಿ.

ಸುರಕ್ಷತೆ

1. ಅನ್‌ಹೈಡ್ರೈಡನ್ನು ಫ್ಯೂಮ್ ಹುಡ್ ಒಳಗೇ ಯಾಕೆ ಅಳೆದಿರಿ? ("ವಾಸನೆ ಸರ್" ಅಂತ ನಿಲ್ಲಿಸಿದರೆ ಮುಂದೆ ಕೇಳಿ: ಕಣ್ಣಿಗೆ, ಮೂಗಿಗೆ ಏನಾಗುತ್ತದೆ? ಪಕ್ಕದಲ್ಲಿ ಬರ್ನರ್ ಉರಿಯುತ್ತಿದ್ದರೆ?)

2. ಒಂದು ಹನಿ ಕೈಮೇಲೆ ಬಿತ್ತು. ಮೊದಲು ಏನು ಮಾಡುತ್ತೀರಿ? (ಧಾರಾಳವಾಗಿ ನೀರು, ತುಂಬಾ ಹೊತ್ತು. ಕ್ಷಾರ ಹಚ್ಚುತ್ತೇನೆ ಅಂದರೆ ಅಂಕ ಇಲ್ಲ.)

3. ಕೊನೆಯಲ್ಲಿ ಬಿಸಿ ಫ್ಲಾಸ್ಕ್‌ಗೆ ನೀರನ್ನು ಹನಿಹನಿಯಾಗಿ ಹಾಕಿದಿರಿ, ಒಮ್ಮೆಗೇ ಸುರಿಯಲಿಲ್ಲ. ಯಾಕೆ?

ಮೆಕ್ಯಾನಿಸಂ

4. ಸಲ್ಫ್ಯೂರಿಕ್ ಆ್ಯಸಿಡ್‌ನ ಪ್ರೋಟಾನ್ ಮೊದಲು ಹೋಗಿ ಕೂರುವುದು ಎಲ್ಲಿ? ಬಾಣದ ಗುರುತು ಹಾಕಿ ತೋರಿಸಿ. (ಅನ್‌ಹೈಡ್ರೈಡ್‌ನ ಕಾರ್ಬೊನಿಲ್ ಆಕ್ಸಿಜನ್. ಬಾಣ ಎಲೆಕ್ಟ್ರಾನ್ ಜೋಡಿಯಿಂದಲೇ ಹೊರಡಬೇಕು. ಬಹಳ ಜನ ಪ್ರೋಟಾನ್‌ನಿಂದ ಎಳೆಯುತ್ತಾರೆ, ನೋಡಿಕೊಳ್ಳಿ.)

5. ಸ್ಯಾಲಿಸಿಲಿಕ್ ಆ್ಯಸಿಡ್‌ನ ಯಾವ ಆಕ್ಸಿಜನ್ ದಾಳಿ ಮಾಡುತ್ತದೆ? ಹೊರಗೆ ಹೋಗುವ ಗುಂಪು ಯಾವುದು? ನಡುವಿನ ಟೆಟ್ರಾಹೆಡ್ರಲ್ ಹಂತ ಬರೆಯಿರಿ.

6. ಅನ್‌ಹೈಡ್ರೈಡ್ ಬದಲು ಬರೀ ಅಸಿಟಿಕ್ ಆ್ಯಸಿಡ್ ಹಾಕಿದ್ದರೆ? (ಹುಟ್ಟುವ ನೀರು ಕ್ರಿಯೆಯನ್ನು ಹಿಂದಕ್ಕೆ ತಳ್ಳುತ್ತದೆ, ಫೀನಾಲ್ ಕೂಡ ಸುಲಭಕ್ಕೆ ಬಗ್ಗದು. ಎರಡರಲ್ಲಿ ಒಂದು ಹೇಳಿದರೂ ಸಾಕು.)

ಯೀಲ್ಡ್ ಎಲ್ಲಿ ಹೋಯಿತು?

ಇಲ್ಲಿ ಜಾಸ್ತಿ ಹೊತ್ತು ಕೊಡಿ. ಓದಿದವರು ಯಾರು, ಮಾಡಿದವರು ಯಾರು ಅಂತ ಇಲ್ಲೇ ಗೊತ್ತಾಗುವುದು.

7. ಲಿಮಿಟಿಂಗ್ ರಿಏಜೆಂಟ್ ಯಾವುದು? ಲೆಕ್ಕದ ಪ್ರಕಾರ ಎಷ್ಟು ಗ್ರಾಂ ಬರಬೇಕಿತ್ತು? (ಸ್ಯಾಲಿಸಿಲಿಕ್ ಆ್ಯಸಿಡ್, 2.61 ಗ್ರಾಂ.)

8. ಆಸ್ಪಿರಿನ್ 25 ಡಿಗ್ರಿಯಲ್ಲಿ ಒಂದು ಲೀಟರ್ ನೀರಿಗೆ ಸುಮಾರು 3 ಗ್ರಾಂ ಕರಗುತ್ತದೆ. ಬುಕ್ನರ್ ಫನಲ್ ಮೇಲೆ 100 ಮಿ.ಲೀ. ಸಾದಾ ನೀರಿನಲ್ಲಿ ತೊಳೆದರೆ ಹೆಚ್ಚೆಂದರೆ ಎಷ್ಟು ಹೋಗುತ್ತದೆ? (0.3 ಗ್ರಾಂ, ಅಂದರೆ ಬರಬೇಕಾದ್ದರಲ್ಲಿ ಶೇ. 11ರಷ್ಟು! ಐಸ್ ನೀರು ಯಾಕೆ ಅಂತ ಈಗ ಅವರೇ ಹೇಳಲಿ.)

9. ಅಳತೆ ಸಿಲಿಂಡರ್ ಒದ್ದೆಯಿತ್ತು ಅಂದುಕೊಳ್ಳಿ. ಏನು ನಷ್ಟ? ಎರಡು ಹನಿ ನೀರಾದರೆ ಅಷ್ಟೇನೂ ಕೆಡುವುದಿಲ್ಲ, ಅಲ್ವಾ? (ಅನ್‌ಹೈಡ್ರೈಡ್ ಮೂರೂವರೆ ಪಟ್ಟಿಗೂ ಜಾಸ್ತಿ ಇದೆ. ಹೌದು ಅಂದು ಕಾರಣ ಕೊಟ್ಟರೆ ಪೂರ್ತಿ ಅಂಕ.)

10. ಒಬ್ಬರಿಗೆ 2.9 ಗ್ರಾಂ ಬಂತು. ಖುಷಿಪಡಬೇಕಾ? (ಶೇ. 111. ಹರಳು ಒಣಗಿಲ್ಲ, ಇಲ್ಲವೇ ಜೊತೆಗೆ ಬೇರೇನೋ ಇದೆ.)

11. ಒಬ್ಬರದು 1.9 ಗ್ರಾಂ, FeCl₃ ಹಾಕಿದರೆ ಬಣ್ಣ ಬರಲಿಲ್ಲ, ಕರಗಿದ್ದು 134–135 ಡಿಗ್ರಿಯಲ್ಲಿ. ಇನ್ನೊಬ್ಬರದು 2.5 ಗ್ರಾಂ, ನೇರಳೆ ಬಣ್ಣ, 118–126 ಡಿಗ್ರಿ. ಯಾರ ಕೆಲಸ ಚೆನ್ನಾಗಿದೆ? ಎರಡನೆಯವರು ಈಗ ಏನು ಮಾಡಬೇಕು, ಅದರಲ್ಲಿ ಎಷ್ಟು ಕಳೆದುಕೊಳ್ಳಲು ತಯಾರಿರಬೇಕು?